ಬಲದಿಂದ ಎಡಕ್ಕೆ ಓದುವ ಕಾಮಿಕ್ ಪುಟವನ್ನು ಕನ್ನಡಕ್ಕೆ ತರುವಾಗ ನಗು ಎಲ್ಲಿ ಹೋಗುತ್ತದೆ?

ಸಾಗರದ ಓದುಗಿ:
ನಮ್ಮೂರಿನ ಮಕ್ಕಳ ಓದು ಗುಂಪಿಗೆ ಒಂದು ಜಪಾನಿ ಕಾಮಿಕ್ ಪುಟವನ್ನು ಕನ್ನಡ ಮಾಡುತ್ತಿದ್ದೇನೆ. ನನ್ನ ಹತ್ತಿರ ಇರುವುದು ಇಂಗ್ಲಿಷ್ ಪುಸ್ತಕ. ಮೊಬೈಲಿನಲ್ಲಿ ಫೋಟೋ ತೆಗೆದು, ಮಾತಿನ ಗುಳ್ಳೆಗಳ ಮೇಲೆ ಬಿಳಿ ಬಳಿದು, ಕನ್ನಡ ಬರೆದು ಗೋಡೆಗೆ ಹಾಕಿ ತೋರಿಸುವುದು. ಬೇರೆಲ್ಲೂ ಹಂಚುವುದಿಲ್ಲ.

ಪುಟದಲ್ಲಿ ಐದು ಚೌಕ. ಮೇಲಿನ ಸಾಲಿನ ಬಲಕ್ಕೆ, ಕತ್ತಲ ಪಡಸಾಲೆಯಲ್ಲಿ ತಮ್ಮ ಎರಡು ಗುಳ್ಳೆಗಳಲ್ಲಿ ಜಂಬ ಕೊಚ್ಚುತ್ತಾನೆ: "ನಾನು ಯಾರಿಗೂ ಹೆದರಲ್ಲ", "ದೆವ್ವಕ್ಕೂ". ಎಡಕ್ಕೆ ಅಕ್ಕ: "ಮತ್ತೆ ನನ್ನ ತೋಳು ಯಾಕೆ ಹಿಡ್ಕೊಂಡಿದ್ದೀಯ?" ನಡುವೆ ಒಂದು ಅಗಲ ಚೌಕ, ಖಾಲಿ ಪಡಸಾಲೆ. ಅದರಲ್ಲಿ ತೆಳ್ಳಗೆ SILENCE ಎಂದಿದೆ, ಎಡ ಮೂಲೆಯಲ್ಲಿ ಸಣ್ಣಗೆ PLIP. ಕೆಳಗೆ ಬಲಕ್ಕೆ ತಮ್ಮನ ಕಿರುಚಾಟ, ಎಡಕ್ಕೆ ತೊಟ್ಟಿಕ್ಕುವ ನಲ್ಲಿಯ ಮುಂದೆ ನಿಂತ ಅಕ್ಕ: "It's the tap."

ಮಕ್ಕಳು ನಗುತ್ತಲೇ ಇಲ್ಲ. ಕೆಲವರು ಅಕ್ಕನ ಮಾತನ್ನೇ ಮೊದಲು ಓದುತ್ತಾರೆ. ಸದ್ದುಗಳನ್ನು ಎಲ್ಲರಿಗೂ ಕಾಣಲಿ ಎಂದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಿದ್ದೇನೆ. ಇನ್ನೇನು ಮಾಡಬಹುದು?

ಭದ್ರಾವತಿ ಹುಡುಗ:
ಅಕ್ಕಾ, ಇದಕ್ಕೆ ಸುಲಭ ದಾರಿ ಇದೆ. ಫೋಟೋವನ್ನು ಕನ್ನಡಿಯ ಹಾಗೆ ಅಡ್ಡಕ್ಕೆ ತಿರುಗಿಸಿ. ಬಲದ ಚೌಕ ಎಡಕ್ಕೆ ಬರುತ್ತದೆ. ಗುಳ್ಳೆಯೊಳಗಿನ ಇಂಗ್ಲಿಷ್ ಉಲ್ಟಾ ಆಗುತ್ತದೆ, ಆದರೆ ಅದನ್ನು ಹೇಗೂ ಅಳಿಸುತ್ತೀರಲ್ಲ. ಮಕ್ಕಳು ಕನ್ನಡದ ಅಭ್ಯಾಸದಂತೆ ಎಡದಿಂದ ಓದಿಕೊಳ್ಳುತ್ತಾರೆ.

ಹೊಸನಗರದವ:
ಫೋಟೋ ಸರಿ ಬಂದಿರಲಿಕ್ಕಿಲ್ಲ. ಹೊಲಿಗೆಯ ಹತ್ತಿರ ಪುಟ ಬಾಗಿರುತ್ತದೆ, ಅಲ್ಲಿನ ಅಕ್ಷರ ಕುಗ್ಗಿ ಕಾಣುತ್ತದೆ. ನಾನು ಅಜ್ಜನ ಹಳೇ ಲೆಕ್ಕದ ಪುಸ್ತಕದ ಫೋಟೋ ತೆಗೆಯುವಾಗ ಮೇಲೆ ಗಾಜು ಒತ್ತಿ ಇಡುತ್ತೇನೆ. ಕಿಟಕಿ ಪಕ್ಕ ಕೂತು, ಫ್ಲಾಶ್ ಆರಿಸಿ, ಮೊಬೈಲನ್ನು ಪುಟಕ್ಕೆ ನೇರ ಮೇಲೆ ಹಿಡಿಯಿರಿ. ಮಳೆಗಾಲದ ಬೆಳಕು ಇದಕ್ಕೆ ಒಳ್ಳೆಯದೇ, ನೆರಳು ಕಮ್ಮಿ.

ಸಾಗರದ ಓದುಗಿ:
ಅಕ್ಷರ ಚೆನ್ನಾಗಿಯೇ ಕಾಣುತ್ತಿದೆ ಸರ್, ನನ್ನ ತೊಂದರೆ ಅದಲ್ಲ. ಆದರೂ ಗಾಜಿನ ಉಪಾಯ ಇಟ್ಟುಕೊಳ್ಳುತ್ತೇನೆ.

ತೀರ್ಥಹಳ್ಳಿ ಅಕ್ಷರ:
ನಾನು ಶಿವಮೊಗ್ಗದಲ್ಲಿ ಮಕ್ಕಳ ಪುಸ್ತಕಗಳಿಗೆ ಅಕ್ಷರ ಕೂರಿಸುವ ಕೆಲಸ ಮಾಡುತ್ತೇನೆ. ಮೊದಲು ತಿರುಗಿಸುವ ವಿಚಾರ. ಅದು ತಪ್ಪು ಅಂತಲ್ಲ. 1980ರ ದಶಕದಲ್ಲಿ ಅಮೆರಿಕದ ಪ್ರಕಾಶಕರು ಹೆಚ್ಚಾಗಿ ಹಾಗೇ ಅಚ್ಚು ಹಾಕುತ್ತಿದ್ದರು. 2002ರ ಸುಮಾರಿಗೆ ಟೋಕಿಯೋಪಾಪ್ ಮುಂತಾದವರು ಮೂಲದ ಬಲ-ಎಡ ಕ್ರಮವನ್ನೇ ಇಟ್ಟು ಮಾರಲು ಶುರು ಮಾಡಿದರು, ಆಮೇಲೆ ಅದೇ ರೂಢಿಯಾಯಿತು. ತಿರುಗಿಸಿದರೆ ಬಲಗೈಯವರೆಲ್ಲ ಎಡಗೈಯವರಾಗುತ್ತಾರೆ, ಗೋಡೆ ಮೇಲಿನ ಬರಹ ಉಲ್ಟಾ ಆಗುತ್ತದೆ. ಓದುಗಿಯವರೇ, ಆ ಅಕ್ಕ ಏನು ಉಟ್ಟಿದ್ದಾಳೆ?

ಸಾಗರದ ಓದುಗಿ:
ಹೂವಿನ ಯುಕಾಟ. ಅಗಲ ತೋಳಿನದು.

ತೀರ್ಥಹಳ್ಳಿ ಅಕ್ಷರ:
ಹಾಗಾದರೆ ತಿರುಗಿಸಬೇಡಿ. ಕಿಮೋನೋ, ಯುಕಾಟ ಎಲ್ಲದರಲ್ಲೂ ಉಟ್ಟವರ ಎಡಬದಿಯ ಸೆರಗು ಬಲಬದಿಯ ಮೇಲೆ ಬರಬೇಕು. ಬಲಬದಿ ಮೇಲೆ ಬರುವ ಹಾಗೆ ಉಡಿಸುವುದು ಹೆಣಕ್ಕೆ. ದೆವ್ವದ ಭಯದ ಪುಟದಲ್ಲಿ ಅಕ್ಕನಿಗೇ ಹೆಣದ ಉಡುಗೆ ತೊಡಿಸಿದ ಹಾಗಾಗುತ್ತದೆ. ಗೊತ್ತಿರುವ ಒಂದು ಮಗು ಇದ್ದರೂ ಬೇರೆಯೇ ಕತೆ ಹುಟ್ಟಿಕೊಳ್ಳುತ್ತದೆ.

ಭದ್ರಾವತಿ ಹುಡುಗ:
ಇದು ಗೊತ್ತಿರಲಿಲ್ಲ ಸರ್. ಆದರೆ ಬರೀ ಪ್ರಾಣಿಗಳಿರುವ ಪುಟವಾದರೆ ತಿರುಗಿಸಬಹುದು, ಅಲ್ವಾ?

ತೀರ್ಥಹಳ್ಳಿ ಅಕ್ಷರ:
ಚಿತ್ರದೊಳಗೇ ಬಿಡಿಸಿದ ಸದ್ದಿನ ಅಕ್ಷರ ಇಲ್ಲದಿದ್ದರೆ ಆಗಬಹುದು. ಗುಳ್ಳೆಯ ಹಿಂದೆ ಬಿಳಿ ಇರುತ್ತದೆ, ಅಳಿಸಿದರೂ ನಷ್ಟವಿಲ್ಲ. ಸದ್ದಿನ ಅಕ್ಷರದ ಹಿಂದೆ ಚಿತ್ರವೇ ಇರುತ್ತದೆ. ಅದು ಉಲ್ಟಾ ಆದರೆ ಅಳಿಸಿ ಆ ಜಾಗದ ಚಿತ್ರವನ್ನು ಮತ್ತೆ ಬರೆಯಬೇಕು.

ಈಗ ನಿಮ್ಮ ಪುಟದ ಓದಿನ ಕ್ರಮ. ಮೊದಲ ಚೌಕದಲ್ಲಿ ಎರಡು ಗುಳ್ಳೆ ಇವೆ ಎಂದಿರಿ. ಎರಡೂ ಒಂದೇ ಎತ್ತರದಲ್ಲಿವೆಯೇ? ಕನ್ನಡಕ್ಕೆ ಇಳಿಸುವಾಗ ಮೊಬೈಲಿನಿಂದ ಅಕ್ಷರ ಎತ್ತಿಕೊಂಡಿರಾ, ನೀವೇ ಓದಿ ಟೈಪ್ ಮಾಡಿದಿರಾ?

ಸಾಗರದ ಓದುಗಿ:
ಹೆಚ್ಚುಕಮ್ಮಿ ಒಂದೇ ಎತ್ತರ. ಮೊಬೈಲಿನಿಂದಲೇ ಎತ್ತಿಕೊಂಡೆ. "ದೆವ್ವಕ್ಕೂ" ಮೊದಲು ಬಂತು, "ಯಾರಿಗೂ ಹೆದರಲ್ಲ" ಆಮೇಲೆ.

ತೀರ್ಥಹಳ್ಳಿ ಅಕ್ಷರ:
ಅದೇ ಗೋಳು. ಮೊಬೈಲಿಗೆ ಪುಟದ ಕ್ರಮ ಗೊತ್ತಿಲ್ಲ. ಎಡದ್ದನ್ನು ಮೊದಲು ಎತ್ತುತ್ತದೆ. ಗುಳ್ಳೆಗಳು ಹತ್ತಿರವಿದ್ದರೆ ಎರಡರ ಸಾಲುಗಳನ್ನೂ ಒಂದೇ ಸಾಲು ಮಾಡಿ ಹೊಸೆಯುತ್ತದೆ. "ಯಾರಿಗೂ" ಎಂದು ಹಬ್ಬಿಸಿ "ದೆವ್ವಕ್ಕೂ" ಎಂದು ಏರಿಸುವುದು ಆ ಜಂಬದ ಮೆಟ್ಟಿಲು. ಅದು ಉಲ್ಟಾ ಆದರೆ ಜಂಬವೇ ಇಳಿಯುತ್ತದೆ.

ಟೈಪ್ ಮಾಡುವ ಮೊದಲು ಫೋಟೋದ ಮೇಲೆ ಗುಳ್ಳೆಗಳಿಗೆ 1, 2, 3 ಹಾಕಿಕೊಳ್ಳಿ. ಬಲ ಮೇಲಿನ ಮೂಲೆಯಿಂದ ಶುರು, ಎಡ ಕೆಳಗಿನ ಮೂಲೆಗೆ ಕೊನೆ. ಚೌಕಗಳಿಗೂ ಇದೇ ಕ್ರಮ, ಚೌಕದೊಳಗಿನ ಗುಳ್ಳೆಗಳಿಗೂ ಇದೇ. ಗುಳ್ಳೆಯೊಳಗಿನ ಸಾಲು ಮಾತ್ರ ಕನ್ನಡದ ಹಾಗೆ ಎಡದಿಂದ ಬಲಕ್ಕೆ. ಆಮೇಲೆ ಒಂದೊಂದೇ ಗುಳ್ಳೆ ಕತ್ತರಿಸಿ ಅಕ್ಷರ ಎತ್ತಿ. ಸರಿಯಾಯಿತೋ ಇಲ್ಲವೋ ತಿಳಿಯಲು ಚಿತ್ರ ಮುಚ್ಚಿ ಮಾತುಗಳನ್ನಷ್ಟೇ ಸಾಲಾಗಿ ಓದಿ. ಪ್ರಶ್ನೆಗೆ ಮೊದಲೇ ಉತ್ತರ ಬಂದರೆ ಎಲ್ಲೋ ಅಂಕಿ ತಪ್ಪಿದೆ.

ಭದ್ರಾವತಿ ಹುಡುಗ:
ಗೋಡೆಗೆ ಹಾಕುವುದಾದರೆ ಇಷ್ಟೆಲ್ಲ ಯಾಕೆ? ಚೌಕಗಳನ್ನೇ ಕತ್ತರಿಸಿ ಒಂದಾದ ಮೇಲೊಂದು ತೋರಿಸಲಿ.

ತೀರ್ಥಹಳ್ಳಿ ಅಕ್ಷರ:
ಈ ಮಾತು ಒಪ್ಪುತ್ತೇನೆ. ಆದರೂ ಒಂದೇ ಚೌಕದ ಎರಡು ಗುಳ್ಳೆಗಳ ಕ್ರಮ ಕತ್ತರಿಸಿದರೆ ಬದಲಾಗುವುದಿಲ್ಲ. ಅದನ್ನು ಮಕ್ಕಳಿಗೆ ಮೊದಲೇ ಬೆರಳಿಟ್ಟು ತೋರಿಸಬೇಕು. ಮತ್ತೆ, ಕೆಲವು ಕಡೆ ಕಿರುಚಾಟದ ಅಕ್ಷರ ಗೆರೆ ದಾಟಿ ಪಕ್ಕದ ಚೌಕಕ್ಕೆ ನುಗ್ಗಿರುತ್ತದೆ. ಅಲ್ಲಿ ಕತ್ತರಿಸಿದರೆ ಕೂಗೂ ಅರ್ಧ ಆಗುತ್ತದೆ.

ಸಾಗರದ ಓದುಗಿ:
ಹೌದು, ತಮ್ಮನ ಕೂಗು ನಲ್ಲಿಯ ಚೌಕದೊಳಕ್ಕೂ ಹೋಗಿದೆ! ಕೂಗನ್ನು ಉದ್ದಕ್ಕೆ ಎಳೆಯಲು ಹೋದರೆ ಅಕ್ಷರದ ಜಾಗದಲ್ಲಿ ಚುಕ್ಕಿಯ ಸೊನ್ನೆಗಳು ಬರುತ್ತವೆ, ಯಾಕೆ?

ತೀರ್ಥಹಳ್ಳಿ ಅಕ್ಷರ:
ಇಂಗ್ಲಿಷಿನಲ್ಲಿ ಎ ಅಕ್ಷರವನ್ನು ಎಷ್ಟು ಬೇಕಾದರೂ ಒತ್ತಬಹುದು. ಕನ್ನಡದ ದೀರ್ಘದ ಗುರುತು ವ್ಯಂಜನಕ್ಕೆ ಒಂದೇ ಸಲ ಅಂಟುತ್ತದೆ, ಎರಡನೆಯದಕ್ಕೆ ಆಸರೆ ಇಲ್ಲ. ಅದಕ್ಕೇ ಆ ಸೊನ್ನೆ. "ಅಮ್ಮಾ" ಬರೆದು ಮುಂದಕ್ಕೆ ಬಿಡಿ ಸ್ವರ ಹಾಕಿ: "ಅಮ್ಮಾ ಆ ಆ ಆ". ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತ ಹೋಗಿ, ಓಡಿ ದೂರವಾದ ಹಾಗೆ ಕಾಣುತ್ತದೆ. ಮೂಲದ ಕೂಗು ಯಾವ ದಿಕ್ಕಿಗೆ ಹೊರಟಿದೆಯೋ ಅದೇ ದಿಕ್ಕಿಗೆ ಇರಲಿ.

ಇನ್ನು ಅಕ್ಕನ ಮಾತು. ಮೂಲದ ಜಪಾನಿ ಬರಹ ಮೇಲಿಂದ ಕೆಳಕ್ಕೆ ಇರುತ್ತದೆ, ಅದಕ್ಕೇ ಗುಳ್ಳೆಗಳು ಉದ್ದ ಮತ್ತು ಕಿರಿದು. "ಹಿಡ್ಕೊಂಡಿದ್ದೀಯ" ಅದರಲ್ಲಿ ಕೂರುವುದಿಲ್ಲ. ಅಕ್ಷರ ಸಣ್ಣ ಮಾಡಿದರೆ ಗೋಡೆ ಮೇಲೆ ಓದಲಾಗದು. ಸಾಲು ಒತ್ತಿದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ಹಾಗಾಗಿ ಮಾತನ್ನೇ ಕಡಿಮೆ ಮಾಡಿ. ಅವನು ತೋಳು ಹಿಡಿದದ್ದು ಚಿತ್ರದಲ್ಲಿ ಇದೆ. ಗುಳ್ಳೆ ಅದನ್ನು ಮತ್ತೆ ಹೇಳಬೇಕಿಲ್ಲ. "ಮತ್ತೆ? ತೋಳು ಬಿಡು." ಸಾಕು. ಓದಿದವರ ಕಣ್ಣು ತಾನಾಗಿಯೇ ಕೈಯ ಕಡೆ ಇಳಿಯುತ್ತದೆ, ನಗು ಅಲ್ಲಿ ಹುಟ್ಟುತ್ತದೆ.

ಆಗುಂಬೆ ಮಳೆ:
"ತೋಳು ಬಿಡ ಮಾರಾಯ" ಅನ್ನಿ. ನಮ್ಮ ಕಡೆ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಹೊಸನಗರದವ:
ಯುಕಾಟ ಉಟ್ಟವಳ ಬಾಯಲ್ಲಿ ಮಾರಾಯವೇ? ಅವಳು ಜಪಾನಿನವಳು, ನಮ್ಮ ಪಕ್ಕದ ಮನೆಯವಳಲ್ಲ.

ಆಗುಂಬೆ ಮಳೆ:
ಜಪಾನಿನವಳು "ಹಿಡ್ಕೊಂಡಿದ್ದೀಯ" ಅನ್ನುತ್ತಾಳಾ? ಕನ್ನಡ ಆಡಿಸಿದ ಮೇಲೆ ಯಾವುದೋ ಒಂದು ಊರಿನ ಕನ್ನಡ ಆಗಲೇಬೇಕಲ್ಲ.

ತೀರ್ಥಹಳ್ಳಿ ಅಕ್ಷರ:
ಅಕ್ಕ ಮಾರಾಯ ಅಂದರೆ ತಮ್ಮನ ಜಂಬವೂ ಅದೇ ಮಾತಿನಲ್ಲಿ ಬರಬೇಕು, ಅಷ್ಟು ಮಾತ್ರ ಹೇಳಬಲ್ಲೆ. ಒಂದೇ ಗುಳ್ಳೆಗೆ ಮಾತ್ರ ಮಸಾಲೆ ಹಾಕಿದರೆ ಮಕ್ಕಳು ಆ ಪದಕ್ಕೆ ನಗುತ್ತಾರೆ, ಸನ್ನಿವೇಶಕ್ಕಲ್ಲ.

ಕೆಂಪು ಸದ್ದುಗಳನ್ನು ದಯವಿಟ್ಟು ತೆಗೆಯಿರಿ. ಆ ಅಗಲ ಚೌಕದ ತಮಾಷೆ ಇರುವುದೇ ಅಳತೆಯಲ್ಲಿ. ಅಷ್ಟು ದೊಡ್ಡ ಕತ್ತಲು, ಮೂಲೆಯಲ್ಲಿ ಒಂದು ಹನಿ, ಅದಕ್ಕೆ ಅಷ್ಟು ದೊಡ್ಡ ಕೂಗು. ಹನಿಯೇ ದಪ್ಪ ಕೆಂಪಾದರೆ ಕೂಗಿದ್ದು ನ್ಯಾಯವೇ ಅನ್ನಿಸಿಬಿಡುತ್ತದೆ. "ಟಪ್" ಅಂತ ಸಣ್ಣಗೆ, ಮೂಲದಷ್ಟೇ ಗಾತ್ರದಲ್ಲಿ, ಎಡ ಮೂಲೆಯಲ್ಲೇ ಇರಲಿ. ಬಲಕ್ಕೆ ಸರಿಸಿದರೆ ಮೌನಕ್ಕಿಂತ ಮೊದಲೇ ಹನಿ ಬೀಳುತ್ತದೆ. "ತೊಟ ತೊಟ" ಬೇಡ, ಅದು ಸುರಿಯುತ್ತಲೇ ಇರುವ ಸದ್ದು. ಕೇಳಿ ಮಕ್ಕಳು ಮೊದಲೇ ನಲ್ಲಿ ಎಂದು ಊಹಿಸುತ್ತಾರೆ. ಆಗ ಕೊನೆಯ ಚೌಕಕ್ಕೆ ಕೆಲಸವಿಲ್ಲ. ಅಲ್ಲಿ ಅಕ್ಕ "ನಲ್ಲಿ ಕಣೋ" ಅಂದರೆ ಮುಗಿಯಿತು.

ಸಾಗರದ ಓದುಗಿ:
ಮತ್ತೆ ಆ SILENCE? "ಮೌನ" ಅಂತ ಬರೆದರೆ ಶಾಲೆಯ ಗೋಡೆಬರಹದ ಹಾಗಿದೆ.

ತೀರ್ಥಹಳ್ಳಿ ಅಕ್ಷರ:
ಜಪಾನಿಯಲ್ಲಿ ಸದ್ದಿಲ್ಲದ್ದಕ್ಕೂ ಒಂದು ಸದ್ದು ಬರೆಯುತ್ತಾರೆ, "ಶೀ…ನ್" ಅಂತ. ಇಂಗ್ಲಿಷಿನವರಿಗೆ ಅದಕ್ಕೆ ಸಮನಾದದ್ದು ಸಿಗದೆ ಅರ್ಥವನ್ನೇ ಬರೆದಿದ್ದಾರೆ. ನಾನಾಗಿದ್ದರೆ ಅದನ್ನು ಅಳಿಸಿ ಖಾಲಿ ಬಿಡುತ್ತಿದ್ದೆ. ಚಿತ್ರದಲ್ಲಿ ಮೌನ ಇದೆ.

ಆಗುಂಬೆ ಮಳೆ:
ಖಾಲಿ ಬಿಟ್ಟರೆ ಮಕ್ಕಳು ಆ ಚೌಕ ಹಾರಿಸಿ ಮುಂದೆ ಹೋಗುತ್ತಾರೆ. ಅಲ್ಲಿ ಒಂದು ಕ್ಷಣ ತಡೆಯಬೇಕು. ಮಲೆನಾಡಿನಲ್ಲಿ ಎಲ್ಲ ಸುಮ್ಮನಾದಾಗ ಕೇಳುವುದು ಜೀರುಂಡೆ. "ಜೀ…ರ್" ಅಂತ ತೆಳ್ಳಗೆ ಎಳೆದು ಬರೆಯಿರಿ. ಅದು ಕೇಳಿಸಿತು ಅಂದರೆ ಬೇರೇನೂ ಕೇಳಿಸುತ್ತಿಲ್ಲ ಅಂತಲೇ ಅರ್ಥ.

ತೀರ್ಥಹಳ್ಳಿ ಅಕ್ಷರ:
ತಡೆಯಬೇಕು ಅನ್ನುವುದು ನಿಜ. ಆದರೆ ಜಪಾನಿ ಕಾಮಿಕ್‌ನಲ್ಲಿ ಜೀರುಂಡೆಗೆ ಬೇರೆಯೇ ಸದ್ದು ಇದೆ, "ಮೀನ್ ಮೀನ್" ಅಂತ, ಬೇಸಗೆಯ ಹಗಲನ್ನು ತೋರಿಸಲು. ಮುಂದಿನ ಪುಟದಲ್ಲಿ ಅದು ಬಂದರೆ ಏನು ಬರೆಯುತ್ತೀರಿ? ಅಲ್ಲದೆ ಮನೆಯೊಳಗಿನ ಚೌಕದಲ್ಲಿ ಹುಳದ ಸದ್ದು ಬಂದರೆ ಮಕ್ಕಳು ಹುಳ ಹುಡುಕುತ್ತಾರೆ.

ಆಗುಂಬೆ ಮಳೆ:
ನಮ್ಮ ಮಕ್ಕಳು ಹುಡುಕುವುದಿಲ್ಲ ಸರ್. ಅವರಿಗೆ ಅದು ರಾತ್ರಿಯ ಸದ್ದು, ಮನೆಯೊಳಗೂ ಕೇಳಿಸುತ್ತದೆ.

ಭದ್ರಾವತಿ ಹುಡುಗ:
ನನಗೆ ಮೂರು ಚುಕ್ಕಿ ಸಾಕು ಅನ್ನಿಸುತ್ತದೆ. ದೂರ ದೂರಕ್ಕೆ ಇಟ್ಟು, ಕೊನೆಗೆ ಟಪ್.

ಸಾಗರದ ಓದುಗಿ:
ಚುಕ್ಕಿ ಬಲದಿಂದ ಎಡಕ್ಕೆ ಸಾಲಾಗಿ ಬಂದು ಟಪ್‌ಗೆ ಮುಟ್ಟಿದರೆ ಓದುವ ದಾರಿಯನ್ನೂ ತೋರಿಸಿದ ಹಾಗಾಗುತ್ತದೆ. ಜೀರುಂಡೆಯದ್ದೂ ಒಂದು ಪ್ರತಿ ಮಾಡುತ್ತೇನೆ. ಈ ಭಾನುವಾರ ಮಕ್ಕಳು ಎರಡು ಗುಂಪಾಗಿ ಕೂರುತ್ತಾರೆ, ಒಂದೊಂದು ಗುಂಪಿಗೆ ಒಂದೊಂದನ್ನು ತೋರಿಸುತ್ತೇನೆ. ಗುಳ್ಳೆಯೊಳಗೆ ಬಳಿದ ಬಿಳಿ ಮಾತ್ರ ತೇಪೆಯ ಹಾಗೆ ಎದ್ದು ಕಾಣುತ್ತಿದೆ, ಅದಕ್ಕೇನು?

ಹೊಸನಗರದವ:
ಇದು ನನಗೆ ಗೊತ್ತು! ಫೋಟೋದಲ್ಲಿ ಕಾಗದ ಬಿಳಿ ಇರುವುದಿಲ್ಲ, ಹಳದಿಯೋ ಬೂದಿಯೋ ಇರುತ್ತದೆ. ಅದೇ ಗುಳ್ಳೆಯ ಖಾಲಿ ಜಾಗದಿಂದ ಬಣ್ಣ ಎತ್ತಿಕೊಂಡು ಬಳಿಯಿರಿ. ಹೊಲಿಗೆ ಹತ್ತಿರದ ಗುಳ್ಳೆ ಜಾಸ್ತಿ ಕಪ್ಪಾಗಿರುತ್ತದೆ, ಅದಕ್ಕೆ ಬೇರೆ ಎತ್ತಿಕೊಳ್ಳಿ.