ಸಹಾಯ ಬೇಕು: ಕ್ಯಾಶ್ ಡಿಸ್ಕೌಂಟ್ ಬಿಟ್ಟರೆ ವರ್ಷಕ್ಕೆ ಎಷ್ಟು ಬಡ್ಡಿ ಬೀಳುತ್ತದೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಹಾರ್ಡ್‌ವೇರ್ ಅಂಗಡಿ. ಪೈಪ್ ಸಪ್ಲೈಯರ್ ಬಿಲ್ ಮೇಲೆ "2/10, net 30" ಅಂತ ಇದೆ. ಅಂದರೆ 1,00,000 ರೂಪಾಯಿ ಬಿಲ್ಲಿಗೆ 10 ದಿನದೊಳಗೆ ಕೊಟ್ಟರೆ 98,000 ಸಾಕು, ಇಲ್ಲವಾದರೆ 30ನೇ ದಿನ ಪೂರ್ತಿ ಕೊಡಬೇಕು.

ಬರೀ ಎರಡು ಪರ್ಸೆಂಟ್ ಅಲ್ವಾ ಅಂತ ಅಣ್ಣ ಬಿಟ್ಟುಬಿಡುತ್ತಾನೆ. ನನ್ನ ಲೆಕ್ಕ ಬೇರೆ. ಡಿಸ್ಕೌಂಟ್ ಬಿಟ್ಟರೆ 98,000ವನ್ನು ಇನ್ನೂ 20 ದಿನ ಕೈಯಲ್ಲಿಟ್ಟುಕೊಳ್ಳಲು 2,000 ಕೊಟ್ಟ ಹಾಗೆ. ಅದಕ್ಕೇ ಭಾಗಿಸಬೇಕಾದ್ದು 100ರಿಂದಲ್ಲ, 98ರಿಂದ:

```
2/98 × 365/20 = 37.2%
```

ಚಕ್ರಬಡ್ಡಿ ಹಾಕಿದರೆ 44.6% ಆಗುತ್ತದೆ. ನಮ್ಮ ಬ್ಯಾಂಕ್ ಓವರ್‌ಡ್ರಾಫ್ಟ್, ಅಂದರೆ ಓಡಿಯ ಬಡ್ಡಿ 12%. ಓಡಿಯಿಂದ 98,000 ತೆಗೆದು ಕಟ್ಟಿದರೂ 20 ದಿನಕ್ಕೆ ಬಡ್ಡಿ ಸುಮಾರು 644 ರೂಪಾಯಿ, ಡಿಸ್ಕೌಂಟಿನಿಂದ ಉಳಿಯೋದು 2,000. ಓಡಿ ಲಿಮಿಟ್‌ನಲ್ಲಿ ಅಷ್ಟು ಜಾಗ ಇರಬೇಕು, ಅಷ್ಟೇ.

ಸಿಕ್ಕಿಕೊಂಡಿರೋದು ಇಲ್ಲಿ. ಸಪ್ಲೈಯರ್ 45ನೇ ದಿನ ಕೊಟ್ಟರೂ ಸುಮ್ನೆ ಇರುತ್ತಾರೆ. ಆಗ 20ರ ಬದಲು 35 ದಿನ ಹಾಕಿದರೆ 21.3%ಗೆ ಇಳಿಯುತ್ತದೆ. ಓಡಿಗಿಂತ ಆಗಲೂ ಜಾಸ್ತಿನೇ. ಆದರೆ ಹೋಲಿಸುವಾಗ ಬಿಲ್‌ನಲ್ಲಿರುವ ದಿನ ಹಿಡಿಯಬೇಕೋ, ನಾವು ನಿಜವಾಗಿ ಕೊಡುವ ದಿನವೋ? ಓಡಿ ಜೊತೆ ಹೋಲಿಸಲು 37.2 ಸರಿಯೋ, 44.6 ಸರಿಯೋ? ಅಕೌಂಟ್ಸ್ ಗೊತ್ತಿರುವವರು ದಯವಿಟ್ಟು ತಿಳಿಸಿ.