ಔಟ್‌ಟರ್ನ್ ಅಂದ್ರೆ ಎಷ್ಟಪ್ಪಾ?

ಚಿಕ್ಕಮಗಳೂರು. ಹೊರಗೆ ಮಳೆ, ಒಳಗೆ ಮೂರು ಲೋಟ ಕಾಫಿ, ಒಂದು ಲ್ಯಾಪ್‌ಟಾಪ್. ಕಾಫಿ ವ್ಯಾಪಾರದ ಮಾತುಗಳಿಗೆ ಇನ್‌ಸ್ಟಾ ಸ್ಲೈಡು ತಯಾರಾಗ್ತಿದೆ. ಸ್ಲೈಡಿಗೊಂದು ಪದ, ಒಂದು ಅರ್ಥ, ಒಂದು ಉದಾಹರಣೆ.

ಮಂಜ: ಮೊದಲನೇದು ಚೆರಿ. ‘ಹಣ್ಣನ್ನ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ್ದು.’ ಉದಾಹರಣೆ: ‘ರೊಬಸ್ಟಾ ಚೆರಿ, 50 ಕೆ.ಜಿ. ಚೀಲ.’

ಶಿವು: ಸಾಕು, ಮುಂದೆ ಹೋಗು. ಜಗಳ ಆಗೋದು ಔಟ್‌ಟರ್ನ್ ಮೇಲೆ.

ಪ್ರಕಾಶ: ಬರ್ಕೊ. ‘50 ಕೆ.ಜಿ. ಚೆರಿಯ ಸಿಪ್ಪೆ ತೆಗೆದರೆ ಸಿಗೋ ಬೀಜದ ತೂಕ, ಕೆ.ಜಿ.ಯಲ್ಲಿ.’ ಮಂಡಿಯಲ್ಲಿ 100 ಗ್ರಾಂ ಸ್ಯಾಂಪಲ್ ಸುಲಿದು ನೋಡ್ತಾರೆ ಅನ್ನು. 52 ಗ್ರಾಂ ಬೀಜ ಬಂದ್ರೆ ಔಟ್‌ಟರ್ನ್ 26.

ಮಂಜ: ದುಡ್ಡಿನ ಲೆಕ್ಕ ಹಾಕ್ದೇ ಇದ್ರೆ ಯಾರೋ ಓದ್ತಾರೆ?

ಪ್ರಕಾಶ: ರೇಟು ಔಟ್‌ಟರ್ನಿನ ಒಂದೊಂದು ಪಾಯಿಂಟಿಗೆ 400 ರೂಪಾಯಿ ಅಂತ ಇಟ್ಕೊ. 26 ಆದ್ರೆ ಚೀಲಕ್ಕೆ 10,400. 24 ಬಂದ್ರೆ 9,600. ಚೀಲಕ್ಕೆ 800 ರೂಪಾಯಿ ಗೋತಾ!

ಶಿವು: ಮತ್ತೆ ಔಟ್‌ಟರ್ನ್ ಬೀಳೋದ್ಯಾಕೆ ಅಂತಲೂ ಹೇಳ್ಬೇಕಲ್ಲ. ಕಾಯಿ, ಹಣ್ಣು ಒಟ್ಟಿಗೇ ಬಾಚಿ ಕುಯ್ದ್ರೆ ಎಳೇ ಕಾಯಿಲಿ ಸಿಪ್ಪೆನೇ ಜಾಸ್ತಿ, ಬೀಜ ಸಣ್ಣ. ಸ್ಯಾಂಪಲ್ಲು ಚೀಲದ ಬಾಯಿಂದ ಮಾತ್ರ ತೆಗೆದ್ರೂ ಅಂಕಿ ಸುಳ್ಳು ಹೇಳುತ್ತೆ. ಮೇಲೆ, ನಡು, ತಳ, ಮೂರೂ ಕಡೆಯಿಂದ ತಗೊಂಡು ಕಲಸ್ಬೇಕು.

ಮಂಜ: ಸ್ಲೈಡಿಗೆ ಒಂದೇ ಉದಾಹರಣೆ ಅಂತ ಶರತ್ತು ಮಾರಾಯ!

ಶಿವು: ಸಣ್ಣಕ್ಷರದಲ್ಲಿ ಹಾಕು.

ಮಂಜ: ಸಣ್ಣಕ್ಷರ ಓದಿದ್ದಿದ್ರೆ ಊರಲ್ಲಿ ಅರ್ಧ ಜನ ಸಾಲದ ಪತ್ರಕ್ಕೆ ಸಹಿ ಹಾಕ್ತಿರ್ಲಿಲ್ಲ. ಸರಿ, ಮೂರನೇದು ಮಾಯಿಶ್ಚರ್. ‘ಚೆರಿಯಲ್ಲಿ ಉಳಿದಿರೋ ನೀರಿನ ಪಾಲು.’

ಪ್ರಕಾಶ: ರೊಬಸ್ಟಾ ಚೆರಿಗೆ ಶೇ 11ರ ಆಸುಪಾಸು ಸಾಕು. 15 ಇದ್ರೆ 50 ಕೆ.ಜಿ.ಯಲ್ಲಿ ಏಳೂವರೆ ಕೆ.ಜಿ. ನೀರೇ. ಅದನ್ನ 11ಕ್ಕೆ ಇಳಿಸಿದ್ರೆ ಚೀಲ 47 ಮುಕ್ಕಾಲು ಕೆ.ಜಿ. ತೂಗುತ್ತೆ. ಮಂಡಿಯವರು ತೂಕದಲ್ಲಿ ಸುಮಾರು ಎರಡೂಕಾಲು ಕೆ.ಜಿ. ಕಳೆಯೋದು ಅದಕ್ಕೇ.

ಶಿವು: ಇಲ್ಲೊಂದು ಮೋಸ ಇದೆ ನೋಡು. ನೀರು ಸಿಪ್ಪೆಲೂ ಇರುತ್ತೆ, ಬೀಜದಲ್ಲೂ ಇರುತ್ತೆ. ಹಾಗಾಗಿ ಹಸಿ ಚೆರಿಲೂ ಔಟ್‌ಟರ್ನ್ ಚೆನ್ನಾಗೇ ಕಾಣುತ್ತೆ. ಅದೊಂದನ್ನೇ ನಂಬಿದ್ರೆ ಕೊಂಡೋನಿಗೆ ಪಂಗನಾಮ, ಆಮೇಲೆ ಗೋಡೌನಲ್ಲಿ ಬೂಷ್ಟು.

ಮಂಜ: ಮಾಯಿಶ್ಚರ್ ಅಳೆಯೋ ಮೀಟರ್ ಇಲ್ದೋರು?

ಶಿವು: ಕೈಲಿ ಹಿಡಿದು ಅಲ್ಲಾಡ್ಸಿ. ಒಣಗಿದ್ರೆ ಒಳಗೆ ಗಲಗಲ ಅನ್ನುತ್ತೆ. ಆದ್ರೆ ಅದು ಅಂದಾಜು ಅಷ್ಟೇ, ಮೀಟರಿಗೆ ಸಮ ಅಲ್ಲ.

ಪ್ರಕಾಶ: ಕೊನೇದು ಪೀಬೆರಿ. ‘ಹಣ್ಣಿನಲ್ಲಿ ಎರಡರ ಬದಲು ಒಂದೇ ಬೀಜ ಕಟ್ಟಿ ದುಂಡಗಾಗಿದ್ದು.’ ಚಪ್ಪಟೆ ಬೀಜದ ಜೊತೆ ಹುರಿದ್ರೆ ಹುರಿ ಒಂದೇ ಸಮ ಬರಲ್ಲ, ಅದಕ್ಕೇ ಬೇರೆ ಮಾಡ್ತಾರೆ.

ಮಂಜ: ಮುಖಪುಟದ ಸ್ಲೈಡಿಗೆ ಯಾವ ಫೋಟೋ? ಹೂ ಬಿಟ್ಟ ತೋಟ?

ಶಿವು: ತಕ್ಕಡಿ ಹಾಕೋ. ಮಂಡಿಲಿ ಎಲ್ರೂ ನೆಟ್ಟ ದೃಷ್ಟಿಲಿ ನೋಡೋದು ಅದನ್ನೇ.