ಚಾರ್ಟ್ ಚೆನ್ನಾಗಿದೆ, ಮಾರಲು ಹೋದರೆ ಕೊಳ್ಳುವವರಿಲ್ಲ

ತೀರ್ಥಹಳ್ಳಿಯಿಂದ, ಕೇಳಿದವರು: ಒಂದು ಸಣ್ಣ ಕಂಪನಿಯ ಷೇರು ಆರು ತಿಂಗಳು 70ರಿಂದ 86ರ ಒಳಗೇ ಇತ್ತು. ಈಗ 86 ದಾಟುವ ಹಾಗಿದೆ. ಚಾರ್ಟ್ ಬಹಳ ಚೆನ್ನಾಗಿದೆ. ಹೋದ ಸಲ ಇಂಥದ್ದೇ ಷೇರಿನಲ್ಲಿ ನನ್ನ ಲೆಕ್ಕ ಸರಿಯಾಗಿತ್ತು, ಆದರೂ ದುಡ್ಡು ಹೋಯಿತು. 1000 ಷೇರು ಕೊಳ್ಳುವ ಮುಂಚೆ ನೀವು ಏನು ನೋಡುತ್ತೀರಿ?

ಹೊಸನಗರದಿಂದ: ನನಗೂ ಹೀಗೇ ಆಗುತ್ತಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಆರ್ಡರ್ ಹೋಗುವಷ್ಟರಲ್ಲಿ ರೇಟು ಬದಲಾಗಿರುತ್ತಿತ್ತು. ಮನೆಗೆ ಫೈಬರ್ ಹಾಕಿಸಿ, ಬ್ಯಾಟರಿ ಇಟ್ಟುಕೊಂಡ ಮೇಲೆ ಸುಧಾರಿಸಿತು. ನೀವೂ ಅದನ್ನು ಮೊದಲು ನೋಡಿ.

ಭದ್ರಾವತಿಯಿಂದ: ಇದು ನೆಟ್‌ವರ್ಕ್ ವಿಷಯ ಅಲ್ಲ ಅಣ್ಣ. ಮಾರ್ಕೆಟ್ ಆರ್ಡರ್ ಹಾಕಿರುತ್ತಾರೆ, ಅಷ್ಟೇ. ಲಿಮಿಟ್ ಆರ್ಡರ್ ಹಾಕಿದರೆ ಸ್ಲಿಪೇಜ್, ಅಂದರೆ ಅಂದುಕೊಂಡ ರೇಟು ಒಂದು, ಸಿಕ್ಕ ರೇಟು ಇನ್ನೊಂದು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಶಿವಮೊಗ್ಗದಿಂದ: ಲಿಮಿಟ್ ಆರ್ಡರ್ ಕೊಳ್ಳುವಾಗ ಕಾಪಾಡುತ್ತದೆ, ನಿಜ. ಆದರೆ ಕಷ್ಟ ಇರುವುದು ಹೊರಗೆ ಬರುವಾಗ. ಚಾರ್ಟ್ ತೋರಿಸುವುದು ನಡೆದುಹೋದ ವ್ಯಾಪಾರದ ರೇಟು ಮಾತ್ರ. ನಿಮ್ಮ 1000 ಷೇರಿಗೆ ಏನು ಸಿಗುತ್ತದೆ ಅಂತ ಅದು ಹೇಳುವುದಿಲ್ಲ. ನಮ್ಮ ಅಡಿಕೆ ಮಂಡಿಯಲ್ಲೂ ಹಾಗೇ ಅಲ್ವಾ? ಪೇಪರಿನಲ್ಲಿ ಸರಕಿಗೆ ಬಂದ ಗರಿಷ್ಠ ಧಾರಣೆ ಯಾರದೋ ಎರಡು ಚೀಲಕ್ಕೆ ಸಿಕ್ಕಿದ್ದಿರಬಹುದು. ನಿಮ್ಮ ಲೋಡಿಗೆ ಅದೇ ಸಿಗಬೇಕೆಂದಿಲ್ಲ.

ಮಾರ್ಕೆಟ್ ಡೆಪ್ತ್ ತೆರೆದು ಐದೂ ಸಾಲು ನೋಡಿ. ಇಂಥ ಷೇರಿನಲ್ಲಿ ಅದು ಸಾಮಾನ್ಯವಾಗಿ ಹೀಗಿರುತ್ತದೆ. ಮಾರುವವರ ಕಡೆ 86.00ಕ್ಕೆ 75 ಷೇರು, 86.40ಕ್ಕೆ 200, 87ಕ್ಕೆ 400, 87.90ಕ್ಕೆ 150, ಆಮೇಲೆ 88.50ಕ್ಕೆ 1000. ನೀವು 1000 ಷೇರನ್ನು ಒಟ್ಟಿಗೆ ಕೊಂಡರೆ ಸರಾಸರಿ 87.20 ಬೀಳುತ್ತದೆ. ಕೊಳ್ಳುವವರ ಕಡೆ 84.10ಕ್ಕೆ 120, 83.50ಕ್ಕೆ 300, 82.90ಕ್ಕೆ 50, 82ಕ್ಕೆ 500, 81.25ಕ್ಕೆ 200. ಮರುಕ್ಷಣವೇ ಮಾರಿದರೆ ಕೈಗೆ ಬರುವುದು ಸರಾಸರಿ 82.72. ಕಂಪನಿಗೆ ಏನೂ ಆಗಿಲ್ಲ, ಆದರೂ ಸುಮಾರು 4480 ರೂಪಾಯಿ ಹೋಯಿತು. ಅಂದರೆ ಶೇಕಡಾ 5ಕ್ಕಿಂತ ಜಾಸ್ತಿ. ತೆರಿಗೆ, ಬ್ರೋಕರೇಜ್ ಇನ್ನೂ ಸೇರಿಸಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬನ್ನಿ. 86ಕ್ಕೆ ಕೊಂಡು 94ಕ್ಕೆ ಮಾರುವುದು, 82ಕ್ಕೆ ಸ್ಟಾಪ್‌ಲಾಸ್ ಅಂದುಕೊಂಡರೆ ಕಾಗದದ ಮೇಲೆ 4 ರೂಪಾಯಿ ಅಪಾಯಕ್ಕೆ 8 ರೂಪಾಯಿ ಲಾಭ. ನಿಜದಲ್ಲಿ 87.20ಕ್ಕೆ ಕೊಂಡಿರುತ್ತೀರಿ. 94ಕ್ಕೆ ಮುಟ್ಟಿದರೂ ಸರಾಸರಿ 92.50 ಸಿಕ್ಕರೆ ಪುಣ್ಯ. ಸ್ಟಾಪ್ ತಾಗಿದರೆ 80ರ ಹತ್ತಿರ ಮಾರಾಟವಾಗುತ್ತದೆ. 7 ರೂಪಾಯಿ ಅಪಾಯಕ್ಕೆ 5 ರೂಪಾಯಿ ಲಾಭ ಆಯಿತು. ಹೋದ ಸಲ ನಿಮ್ಮ ದುಡ್ಡು ಹೋಗಿದ್ದು ಹೀಗೇ ಇರಬೇಕು.

ತೀರ್ಥಹಳ್ಳಿಯಿಂದ, ಕೇಳಿದವರು: ಅದೇ ಸರ್, ಸರಿಯಾಗಿ ಹೇಳಿದಿರಿ. ಸ್ಟಾಪ್‌ಲಾಸ್ ಇದ್ದರೆ 80ರ ಹತ್ತಿರವಾದರೂ ಹೊರಗೆ ಬರಬಹುದು ಅಲ್ವಾ?

ಸಾಗರದಿಂದ: ಅದನ್ನು ನಂಬಬೇಡಿ. ನನ್ನ ಷೇರು 140ಕ್ಕೆ ಮುಗಿದಿತ್ತು, 134ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದೆ. ಅದಕ್ಕೆ 5% ಸರ್ಕ್ಯೂಟ್, ಒಂದು ದಿನಕ್ಕೆ ಅದಕ್ಕಿಂತ ಜಾಸ್ತಿ ಏರುವಂತಿಲ್ಲ, ಇಳಿಯುವಂತಿಲ್ಲ. ಮರುದಿನ ಬೆಳಿಗ್ಗೆ ನೇರ 133ಕ್ಕೆ ತೆರೆಯಿತು, ಅದೇ ಲೋವರ್ ಸರ್ಕ್ಯೂಟ್. ಕೊಳ್ಳುವವರ ಐದು ಸಾಲೂ ಸೊನ್ನೆ. ಮಾರುವವರ ಸಾಲಿನಲ್ಲಿ ಸಾವಿರಾರು ಷೇರು, ನನ್ನದು ಎಲ್ಲೋ ಹಿಂದೆ. ಮರುದಿನ 126, ಅದರ ಮರುದಿನ 120. ಮೂರು ದಿನವೂ ಒಂಬತ್ತು ಗಂಟೆಗೆ ಮುಂಚೆಯೇ ಆರ್ಡರ್ ಹಾಕಿ ಕೂತಿದ್ದೆ. ನಾಲ್ಕನೇ ದಿನ 115ಕ್ಕೆ ಹೋಯಿತು. ಅಂದಿನಿಂದ 5% ಸರ್ಕ್ಯೂಟ್ ಇರುವ ಷೇರನ್ನು ಚಾರ್ಟ್ ನೋಡಿ ಕೊಂಡಿಲ್ಲ.

ಶಿವಮೊಗ್ಗದಿಂದ: ಮೇಡಂ ಹೇಳಿದ್ದು ಸರಿ. ಕೊಳ್ಳುವವರೇ ಇಲ್ಲದಾಗ ಸ್ಟಾಪ್‌ಲಾಸ್ ಕೆಲಸಕ್ಕೆ ಬರುವುದಿಲ್ಲ. ಇನ್ನೊಂದು ಮಾಡಿ. ದಿನದ ಚಾರ್ಟ್ ಬಿಟ್ಟು ಐದು ನಿಮಿಷದ ಚಾರ್ಟ್ ತೆರೆಯಿರಿ. ಮಧ್ಯೆ ಮಧ್ಯೆ ಕ್ಯಾಂಡಲ್ಲೇ ಇಲ್ಲದೆ ಖಾಲಿ ಇದ್ದರೆ, ಇದ್ದವೂ ಸುಮ್ನೆ ಅಡ್ಡಗೆರೆಗಳಾಗಿದ್ದರೆ, ಆ ಹೊತ್ತಿನಲ್ಲಿ ವ್ಯಾಪಾರವೇ ಆಗಿಲ್ಲ, ಇಲ್ಲವೇ ಒಂದೇ ರೇಟಿಗೆ ಆಗಿದೆ ಅಂತ. ದಿನದ ಚಾರ್ಟ್ ಅಷ್ಟು ಚೊಕ್ಕಟವಾಗಿ ಕಾಣುವುದೂ ಕೆಲವು ಸಲ ಇದೇ ಕಾರಣಕ್ಕೆ. ನನ್ನ ಮಟ್ಟಿಗೆ ದಿನದ ಸರಾಸರಿ ವಾಲ್ಯೂಮಿನ ಶೇಕಡಾ 1ಕ್ಕಿಂತ ಜಾಸ್ತಿ ಕೊಳ್ಳುವುದಿಲ್ಲ.

ಭದ್ರಾವತಿಯಿಂದ: ಸರಾಸರಿ ವಾಲ್ಯೂಮ್ ನೋಡಿದರೆ ಮೋಸ ಹೋಗುತ್ತೀರಿ ಸರ್. ತಿಂಗಳಲ್ಲಿ ಒಂದು ದಿನ ಯಾರೋ ದೊಡ್ಡವರು ಮಾರಿರುತ್ತಾರೆ, ಸರಾಸರಿ ಏರಿಬಿಡುತ್ತದೆ. ತೀರಾ ಕಡಿಮೆ ವ್ಯಾಪಾರ ಆದ ದಿನವನ್ನೇ ಹಿಡಿಯಬೇಕು.

ಶಿವಮೊಗ್ಗದಿಂದ: ಹಾಗೆ ಹಿಡಿದರೆ ಸಣ್ಣ ಷೇರು ಯಾವುದೂ ಉಳಿಯುವುದಿಲ್ಲ. ಇದು ನನಗೂ ಪೂರ್ತಿ ಬಗೆಹರಿದಿಲ್ಲ.

ತೀರ್ಥಹಳ್ಳಿಯಿಂದ, ಕೇಳಿದವರು: ಇವತ್ತು ಹನ್ನೊಂದು ಗಂಟೆಗೆ ನೋಡಿದೆ. 86.20ರಲ್ಲಿ ಮಾರುವವರು 40 ಷೇರು, 84.50ರಲ್ಲಿ ಕೊಳ್ಳುವವರು 110. ಐದು ನಿಮಿಷದ ಚಾರ್ಟಿನಲ್ಲಿ ಅರ್ಧಕ್ಕರ್ಧ ಖಾಲಿ. 100 ಷೇರಿಗೆ 85ಕ್ಕೆ ಲಿಮಿಟ್ ಹಾಕಿದ್ದೇನೆ. ಮಧ್ಯಾಹ್ನ ಎರಡಾಯಿತು, ಇನ್ನೂ ಒಂದೂ ಸಿಕ್ಕಿಲ್ಲ.